ಹತ್ತು ಸಾಲಿನ ಅನುಭವವನ್ನು ಐದು ಶೀರ್ಷಿಕೆಗೆ ತರುವುದು: ಸಣ್ಣ ಅವಧಿಯ ಕೆಲಸಗಳು ಮತ್ತು ರೆಸ್ಯೂಮ್

ಪ್ರಶ್ನೆ: ನಾನು ಹಾಸನದವಳು. ಬಿ.ಕಾಂ ಮುಗಿಸಿ 2015ರಿಂದ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷ ಬಿಟ್ಟರೆ ಮಿಕ್ಕಿದ್ದೆಲ್ಲ ಐದು ತಿಂಗಳು, ಒಂಬತ್ತು ತಿಂಗಳ ಕಾಂಟ್ರ್ಯಾಕ್ಟ್, ಜೊತೆಗೆ ಸ್ವಂತವಾಗಿ ಹಿಡಿದ ಸಣ್ಣಪುಟ್ಟ ಕೆಲಸಗಳು. ಕಾಫಿ ರಫ್ತು ಕಂಪನಿಯೊಂದರ ಸಂದರ್ಶನದಲ್ಲಿ ರೆಸ್ಯೂಮ್ ನೋಡಿ, ‘ನೀವು ಎಲ್ಲೂ ನಿಲ್ಲೋದೇ ಇಲ್ವಲ್ಲ ಮೇಡಂ’ ಅಂದರು. ಈ ಏಪ್ರಿಲ್‌ನಲ್ಲಿ ಅಂಥದೇ ಇನ್ನೊಂದು ಹುದ್ದೆಗೆ ಅರ್ಜಿ ಹಾಕಬೇಕು. ಹತ್ತು ಸಾಲುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ಪಟ್ಟಿ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಪಟ್ಟಿಯಿಂದ ಒಂದೇ ಒಂದು ಸಾಲನ್ನು ಬಿಟ್ಟರೆ ಸಾಕು. ಉಳಿದ ಒಂಬತ್ತೂ ಇರಲಿ, ಆದರೆ ಒಂಬತ್ತು ಸಂಸ್ಥೆಗಳ ಹೆಸರಾಗಿ ಅಲ್ಲ. ರೆಸ್ಯೂಮ್ ಮೊದಲ ಸಲ ಕೈಗೆ ಬಂದಾಗ ಆಯ್ಕೆ ಮಾಡುವವರು ಅದನ್ನು ಓದುವುದಿಲ್ಲ. ಸಂಸ್ಥೆಗಳ ಹೆಸರು ಮತ್ತು ಅವುಗಳ ಎದುರಿನ ದಿನಾಂಕ, ಇವೆರಡರ ಮೇಲೆ ಕಣ್ಣಾಡಿಸಿ ಮನಸ್ಸಿನಲ್ಲೇ ಒಂದು ಭಾಗಾಕಾರ ಮಾಡುತ್ತಾರೆ. ಹತ್ತು ವರ್ಷ, ಹತ್ತು ಹೆಸರು ಎಂದರೆ ವರ್ಷಕ್ಕೊಂದು ಕೆಲಸ ಎಂಬ ಉತ್ತರ ಬರುತ್ತದೆ. ನಿಮಗೆ ಆ ಮಾತು ಆಡಿದವರು ಈ ಭಾಗಾಕಾರದಿಂದಲೇ ಆಡಿದ್ದಾರೆ. ಆದರೆ ನಿಮ್ಮ ಹತ್ತು ಹೆಸರುಗಳಲ್ಲಿ ಎರಡು ಒಂದೇ ಏಜೆನ್ಸಿಯ ಮೂಲಕ ಮಾಡಿದ ಕೆಲಸಗಳು, ಎರಡು ಒಂದೇ ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಎರಡು ಹಂಗಾಮುಗಳು, ಮೂರು ನೀವು ಸ್ವತಂತ್ರವಾಗಿ ನಡೆಸುತ್ತಿರುವ ಲೆಕ್ಕಪತ್ರ ಸೇವೆಯ ಗ್ರಾಹಕರು. ಭಾಗಿಸಬೇಕಾದ ಸಂಖ್ಯೆಯೇ ತಪ್ಪಾಗಿ ಕಾಣುವಂತೆ ನೀವು ಬರೆದಿದ್ದೀರಿ.

ಈ ತಪ್ಪಿನ ಬೆಲೆ ಏನೆಂಬುದನ್ನು ನಾನು ಮೇಜಿನ ಆಚೆ ಬದಿಯಿಂದ ನೋಡಿದ್ದೇನೆ. ಚಿಕ್ಕಮಗಳೂರಿನಲ್ಲಿ ಒಂದು ಸಂಸ್ಥೆಯ ನೇಮಕಾತಿ ನೋಡಿಕೊಳ್ಳುತ್ತಿದ್ದಾಗ, ಸ್ಟೋರ್ಸ್ ಸಹಾಯಕನ ಹುದ್ದೆಗೆ ಬಂದ ಒಬ್ಬ ಹುಡುಗನ ಅರ್ಜಿಯಲ್ಲಿ ನಾಲ್ಕು ವರ್ಷಕ್ಕೆ ಏಳು ಕಂಪನಿಗಳ ಹೆಸರಿತ್ತು. ನಾನೇ ಅದನ್ನು ಪಕ್ಕಕ್ಕೆ ಇಟ್ಟೆ. ಮುಂದೆ ಒಂದು ದಿನ ಬೇರೆ ವಿಷಯಕ್ಕೆ ಭೇಟಿಯಾದ ಗುತ್ತಿಗೆದಾರರೊಬ್ಬರು, ‘ಆ ಹುಡುಗ ನಾಲ್ಕು ವರ್ಷವೂ ನಮ್ಮ ಕಡೆಯವನೇ, ಎಲ್ಲಿ ಕಳಿಸಿದರೂ ಹೋಗುತ್ತಿದ್ದ, ಒಂದು ದಿನವೂ ತಪ್ಪಿಸಿದವನಲ್ಲ’ ಎಂದು ಹೇಳಿದಾಗ ಆ ಹುದ್ದೆ ತುಂಬಿ ತಿಂಗಳುಗಳೇ ಆಗಿದ್ದವು. ಅವನು ಕೆಲಸ ಬಿಟ್ಟವನಲ್ಲ, ಕಳಿಸಿದ ಕಡೆ ಹೋದವನು. ಆದರೆ ಅದನ್ನು ಹೇಳುವ ಒಂದು ಪದವೂ ಅವನ ಕಾಗದದಲ್ಲಿ ಇರಲಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದದ್ದು ಸಾಲುಗಳನ್ನು ಗುಂಪು ಮಾಡುವುದು. ಗುಂಪು ಮಾಡುವ ನಿಯಮ ಒಂದೇ: ಆ ತಿಂಗಳ ಹಣವನ್ನು ನಿಮಗೆ ಯಾರು ಕೊಟ್ಟರು? ಎಲ್ಲಿ ಕುಳಿತು ಕೆಲಸ ಮಾಡಿದಿರಿ ಎಂಬುದಲ್ಲ, ಯಾರ ಸಂಬಳದ ಪಟ್ಟಿಯಲ್ಲಿ ಇದ್ದಿರಿ ಅಥವಾ ಯಾರಿಗೆ ಬಿಲ್ ಕೊಟ್ಟಿರಿ ಎಂಬುದು. 2018ರ ಮಾರ್ಚ್‌ನಿಂದ ನವೆಂಬರ್‌ವರೆಗೆ ಹಾಸನದ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್‌ನಲ್ಲಿ, ಡಿಸೆಂಬರ್‌ನಿಂದ 2019ರ ಜುಲೈವರೆಗೆ ಆಹಾರ ಪದಾರ್ಥಗಳ ಗೋದಾಮಿನಲ್ಲಿ ಎಂದು ನೀವು ಬರೆದಿದ್ದೀರಿ. ಆದರೆ ಎರಡೂ ಕಡೆಯ ಸಂಬಳ ಮತ್ತು ಪಿಎಫ್ ಬಂದದ್ದು ಒಂದೇ ಏಜೆನ್ಸಿಯಿಂದ. ಹಾಗಾದರೆ ನಿಮ್ಮ ಉದ್ಯೋಗದಾತರು ಆ ಏಜೆನ್ಸಿ. ಅವಧಿ ಒಂಬತ್ತು ಮತ್ತು ಎಂಟು ಅಲ್ಲ, ಅಡೆತಡೆಯಿಲ್ಲದ ಹದಿನೇಳು ತಿಂಗಳು. ಶೀರ್ಷಿಕೆಯಲ್ಲಿ ಏಜೆನ್ಸಿಯ ಹೆಸರು, ಅದರ ಕೆಳಗೆ ‘ನಿಯೋಜನೆ’ ಎಂದು ಎರಡು ಸಾಲು ಬರಬೇಕು.

ಇದು ಅಂದಕ್ಕಾಗಿ ಮಾಡುವ ಬದಲಾವಣೆ ಮಾತ್ರವಲ್ಲ. ದೊಡ್ಡ ಕಂಪನಿಗಳು ಈಗ ಆಫರ್ ಕೊಟ್ಟ ಮೇಲೆ ಹಿನ್ನೆಲೆ ಪರಿಶೀಲನೆಗೆ ಹೊರಗಿನ ಸಂಸ್ಥೆಯನ್ನು ಹಚ್ಚುತ್ತವೆ. ನೀವು ಉದ್ಯೋಗದಾತರ ಜಾಗದಲ್ಲಿ ಗಾರ್ಮೆಂಟ್ಸ್‌ನ ಹೆಸರು ಬರೆದಿದ್ದರೆ ಅವರು ಗಾರ್ಮೆಂಟ್ಸ್‌ನ ಎಚ್‌ಆರ್‌ಗೆ ಬರೆದು ಕೇಳುತ್ತಾರೆ. ಅವರು ತಮ್ಮ ರೋಲ್ ತೆಗೆದು ನೋಡಿ ಈ ಹೆಸರಿನವರು ನಮ್ಮಲ್ಲಿ ಇರಲಿಲ್ಲ ಎಂದು ಉತ್ತರಿಸುತ್ತಾರೆ. ಅವರು ಹೇಳಿದ್ದು ನಿಜ, ನೀವು ಅಲ್ಲಿ ಕೆಲಸ ಮಾಡಿದ್ದೂ ನಿಜ, ಆದರೆ ವರದಿಯಲ್ಲಿ ‘ಹೊಂದಾಣಿಕೆಯಾಗಿಲ್ಲ’ ಎಂದು ಬಂದುಬಿಡುತ್ತದೆ. ಯುಎಎನ್ ಸೇವಾ ವಿವರದಲ್ಲಿ ಇರುವುದು ಏಜೆನ್ಸಿಯ ಹೆಸರು, ನಿಮ್ಮ ಕಾಗದದಲ್ಲಿ ಇರುವುದು ಇನ್ನೊಂದು ಹೆಸರು ಎಂದಾದಾಗ ಅಪ್ಪಟ ಪ್ರಾಮಾಣಿಕರೂ ಸುಳ್ಳು ಹೇಳಿದವರಂತೆ ಕಾಣುತ್ತಾರೆ. ನಾನು ಕಂಡ ಮಟ್ಟಿಗೆ, ಕಾಂಟ್ರ್ಯಾಕ್ಟ್ ಮೇಲೆ ದುಡಿದವರ ಆಫರ್‌ಗಳು ತಡವಾಗುವುದಕ್ಕೆ ಇದಕ್ಕಿಂತ ಸಾಮಾನ್ಯವಾದ ಕಾರಣ ಇನ್ನೊಂದಿಲ್ಲ.

ಕ್ಯೂರಿಂಗ್ ವರ್ಕ್ಸ್‌ನ ವಿಷಯ ಬೇರೆ. ಅಲ್ಲಿ ನಿಮ್ಮನ್ನು ನೇರವಾಗಿ ಅವರ ಸಂಬಳದ ಪಟ್ಟಿಗೆ ತೆಗೆದುಕೊಂಡಿದ್ದರು, ಹಂಗಾಮು ಮುಗಿದ ಮೇಲೆ ಬಿಡುಗಡೆ ಮಾಡಿದರು, ಮುಂದಿನ ವರ್ಷ ಮತ್ತೆ ಕರೆದರು. ಕೊಯ್ಲಿನ ಕಾಫಿ ಗಿರಣಿಗೆ ಬಂದು ಬೀಳುವ ಕಾಲ ಯಾವುದೆಂದು ಗೊತ್ತಿರುವ ಯಾರೂ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಕೆಲಸವನ್ನು ‘ಐದೇ ತಿಂಗಳಿಗೆ ಬಿಟ್ಟರು’ ಎಂದು ಓದುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಕುಳಿತು ಅರ್ಜಿ ಜಾಲಿಸುವವರಿಗೆ ಅದು ಗೊತ್ತಿರಬೇಕೆಂದಿಲ್ಲ. ‘ಹಂಗಾಮಿನ ನೇಮಕ’ ಎಂಬ ಪದವನ್ನು ಹುದ್ದೆಯ ಹೆಸರಿನ ಪಕ್ಕದಲ್ಲೇ ಇಡಿ, ಎರಡು ಹಂಗಾಮುಗಳನ್ನೂ ಒಂದೇ ಶೀರ್ಷಿಕೆಯ ಕೆಳಗೆ ತನ್ನಿ, ‘ಎರಡನೇ ಹಂಗಾಮಿಗೆ ಮರುನೇಮಕ’ ಎಂದು ಸ್ಪಷ್ಟವಾಗಿ ಬರೆಯಿರಿ. ಬೇರೆ ಬೇರೆಯಾಗಿ ಬರೆದಾಗ ಎರಡು ಸಲ ಬಿಟ್ಟವರಂತೆ ಕಾಣುವ ಅದೇ ಸಂಗತಿ, ಕೂಡಿಸಿ ಬರೆದಾಗ ಕೆಲಸ ನೋಡಿ ಮತ್ತೆ ಕರೆಸಿಕೊಂಡವರ ಕಥೆಯಾಗುತ್ತದೆ. ಕಾಫಿ ಕಂಪನಿಯ ಹುದ್ದೆಗೆ ನಿಮ್ಮ ಇಡೀ ಪಟ್ಟಿಯಲ್ಲಿ ಇದಕ್ಕಿಂತ ಬೆಲೆಯುಳ್ಳ ಸಾಲು ಇಲ್ಲ; ಅದನ್ನು ನೀವು ಆರನೆಯ ಮತ್ತು ಎಂಟನೆಯ ಸ್ಥಾನದಲ್ಲಿ, ನಡುವೆ ಮನೆಪಾಠದ ಸಾಲೊಂದನ್ನು ತೂರಿಸಿ ಬರೆದಿದ್ದೀರಿ.

ಮೂರನೆಯದು ಸ್ವತಂತ್ರ ಕೆಲಸ. 2019ರ ಸೆಪ್ಟೆಂಬರ್‌ನಿಂದ ಇಂದಿನವರೆಗೆ ಮೂಡಿಗೆರೆ ಕಡೆಯ ಮೂರು ಹೋಂಸ್ಟೇಗಳು, ಆಮೇಲೆ ಸಕಲೇಶಪುರ ಮತ್ತು ಬೇಲೂರು ಭಾಗದ ತೋಟಗಳ ಲೆಕ್ಕ, 2023ರಲ್ಲಿ ಹೆರಿಗೆ ರಜೆಯ ಮೇಲೆ ಹೋದ ಉದ್ಯೋಗಿಯೊಬ್ಬರ ಜಾಗದಲ್ಲಿ ಆರು ತಿಂಗಳು ವ್ಯಾಪಾರಿ ಸಂಸ್ಥೆಯೊಂದರ ಲೆಕ್ಕ. ಈ ಕೊನೆಯದಕ್ಕೂ ನೀವು ಸಂಬಳ ಪಡೆದಿಲ್ಲ, ತಿಂಗಳು ತಿಂಗಳೂ ಬಿಲ್ ಕೊಟ್ಟು ಹಣ ಪಡೆದಿದ್ದೀರಿ. ಆದ್ದರಿಂದ ಅದೂ ಇದೇ ಛತ್ರಿಯ ಕೆಳಗೆ ಬರುತ್ತದೆ. ಶೀರ್ಷಿಕೆ ಸರಳವಾಗಿರಲಿ: ‘ಸ್ವತಂತ್ರ ಲೆಕ್ಕಪತ್ರ ಸೇವೆ, ಹಾಸನ’. ಒಬ್ಬರೇ ಮಾಡುವ ಕೆಲಸಕ್ಕೆ ‘ಸಂಸ್ಥಾಪಕಿ’, ‘ವ್ಯವಸ್ಥಾಪಕ ನಿರ್ದೇಶಕಿ’ ಎಂಬ ಬಿರುದುಗಳನ್ನು ಹಾಕಿಕೊಳ್ಳಬೇಡಿ. ನೌಕರಿಗೆ ಅರ್ಜಿ ಹಾಕಿರುವವರ ಕಾಗದದಲ್ಲಿ ಅವು ಓದುವವರಿಗೆ ನಗು ತರುತ್ತವೆ, ಇಲ್ಲವೇ ಇವರು ನಾಳೆ ಮತ್ತೆ ತಮ್ಮ ವ್ಯವಹಾರಕ್ಕೇ ಮರಳುತ್ತಾರೆ ಎಂಬ ಅನುಮಾನ ಹುಟ್ಟಿಸುತ್ತವೆ.

ಛತ್ರಿ ಬಿಚ್ಚುವುದು ಸುಲಭವಾದ್ದರಿಂದಲೇ ಅದನ್ನು ತಪ್ಪಾಗಿ ಬಳಸುವವರೂ ಬಹಳ. ಕೆಲಸವಿಲ್ಲದ ವರ್ಷಗಳ ಮೇಲೆ ‘ಫ್ರೀಲಾನ್ಸ್’ ಎಂದು ಹೊದಿಸಿದ ಅರ್ಜಿಗಳನ್ನು ನಾವು ದಿನವೂ ನೋಡುತ್ತೇವೆ, ಹೀಗಾಗಿ ಆ ಪದ ಕಂಡಾಗ ಮೊದಲು ಹುಟ್ಟುವುದು ಸಂಶಯವೇ. ಅದನ್ನು ನೀಗುವುದು ದಿನಾಂಕಗಳು. ಛತ್ರಿಯ ಆರಂಭ ನಿಮ್ಮ ಮೊದಲ ಬಿಲ್‌ನ ತಿಂಗಳು, ಕೆಲಸ ಬಿಡಬೇಕೆಂದು ನೀವು ಮನಸ್ಸು ಮಾಡಿದ ತಿಂಗಳಲ್ಲ. ಒಳಗಿನ ಪ್ರತಿ ಕೆಲಸಕ್ಕೂ ಅದರದೇ ತಿಂಗಳು ಮತ್ತು ವರ್ಷ ಬರಬೇಕು. ಬರೀ ವರ್ಷ ಬರೆದು ತಿಂಗಳನ್ನು ಮರೆಸುವುದು ಹಳೆಯ ಉಪಾಯ. ‘2018–2019’ ಎಂದರೆ ಎರಡು ತಿಂಗಳೂ ಇರಬಹುದು, ಇಪ್ಪತ್ನಾಲ್ಕು ತಿಂಗಳೂ ಇರಬಹುದು, ಓದುವವರು ಕಡಿಮೆಯದನ್ನೇ ಊಹಿಸುತ್ತಾರೆ.

ಗ್ರಾಹಕರ ಹೆಸರನ್ನು ಬರೆಯಲೇಬೇಕೆಂದಿಲ್ಲ. ತೋಟದ ಮಾಲೀಕರು, ಹೋಂಸ್ಟೇ ನಡೆಸುವವರು ತಮ್ಮ ಲೆಕ್ಕಪತ್ರ ಯಾರು ನೋಡುತ್ತಾರೆ ಎಂಬುದು ಹೊರಗೆ ಬರುವುದನ್ನು ಇಷ್ಟಪಡದಿರಬಹುದು. ಅನುಮತಿ ಇದ್ದರೆ ಹೆಸರು, ಇಲ್ಲದಿದ್ದರೆ ‘ಸಕಲೇಶಪುರ ಭಾಗದ ಕಾಫಿ ತೋಟ’ ಎಂಬಂಥ ವರ್ಣನೆ ಸಾಕು. ಆದರೆ ಎಲ್ಲ ಗ್ರಾಹಕರನ್ನೂ ಸಾಲಾಗಿ ಪೇರಿಸಬೇಡಿ. ಈ ಹುದ್ದೆಗೆ ಸಂಬಂಧಿಸಿದ ಮೂರನ್ನು ಆರಿಸಿ.

ಇಷ್ಟು ಮಾಡಿದರೆ ಚೆದುರಿದ್ದು ಒಟ್ಟುಗೂಡುತ್ತದೆ. ಆದರೆ ಒಟ್ಟುಗೂಡಿದ್ದಕ್ಕೆಲ್ಲ ಒಂದು ದಿಕ್ಕು ಇದೆ ಎಂದು ಕಾಣಬೇಕಾದರೆ ಇನ್ನೊಂದು ಕೆಲಸ ಮಾಡಬೇಕು, ಅದಕ್ಕೆ ಒಂದು ಸಂಜೆ ಬೇಕಾಗುತ್ತದೆ. ಒಂದು ಹಾಳೆಯಲ್ಲಿ ಒಂಬತ್ತು ಕೆಲಸಗಳನ್ನೂ ಬರೆದುಕೊಂಡು ಪ್ರತಿಯೊಂದರ ಮುಂದೆ ಎರಡು ವಿಷಯ ಬರೆಯಿರಿ: ಅವರು ನಿಮ್ಮನ್ನು ಏಕೆ ಕರೆದರು, ನೀವು ಹೊರಟು ಬರುವಾಗ ಅವರ ಕೈಯಲ್ಲಿ ಏನನ್ನು ಇಟ್ಟು ಬಂದಿರಿ. ನೀವು ಕಳಿಸಿದ ವಿವರಗಳಿಂದ ನಾನು ಇದನ್ನು ಮಾಡಿ ನೋಡಿದೆ. ಹಾರ್ಡ್‌ವೇರ್ ಅಂಗಡಿಯವರು 2017ರ ಆಗಸ್ಟ್‌ನಲ್ಲಿ ಕರೆದದ್ದು, ಅದಕ್ಕೆ ಹಿಂದಿನ ತಿಂಗಳಷ್ಟೇ ಜಿಎಸ್‌ಟಿ ಜಾರಿಗೆ ಬಂದು ಅವರ ವ್ಯಾಟ್ ಕಾಲದ ದಾಸ್ತಾನು ಮತ್ತು ಬಿಲ್ಲುಗಳು ಹೊಸ ಪದ್ಧತಿಗೆ ಹೊಂದದೆ ಕುಳಿತಿದ್ದವು ಎಂದು. ಗಾರ್ಮೆಂಟ್ಸ್‌ನವರು ಕರೆದದ್ದು ಪೂರೈಕೆದಾರರ ಬಿಲ್ಲುಗಳು ಬಾಕಿ ಬಿದ್ದಿದ್ದವೆಂದು. ಗೋದಾಮಿನಲ್ಲಿ ಪುಸ್ತಕದ ದಾಸ್ತಾನಿಗೂ ನೆಲದ ಮೇಲಿನ ದಾಸ್ತಾನಿಗೂ ತಾಳೆಯಾಗುತ್ತಿರಲಿಲ್ಲ. ಹೋಂಸ್ಟೇಗಳಲ್ಲಿ ರಿಟರ್ನ್‌ಗಳು ಸಲ್ಲಿಕೆಯಾಗದೆ ನಿಂತಿದ್ದವು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೆಳೆಗಾರರೊಬ್ಬೊಬ್ಬರ ಲಾಟ್‌ನ ಲೆಕ್ಕವನ್ನು ಹಂಗಾಮು ಮುಗಿಯುವುದರೊಳಗೆ ಮುಚ್ಚಬೇಕಿತ್ತು.

ನೀವು ನೋಡಿರದ ಎಳೆ ಇಲ್ಲಿದೆ. ಎಲ್ಲ ಕಡೆಯೂ ನಿಮ್ಮನ್ನು ಕರೆದದ್ದು ಲೆಕ್ಕ ಹಿಂದೆ ಬಿದ್ದಾಗ ಅಥವಾ ಗಡುವು ಹತ್ತಿರ ಬಂದಾಗ. ಎಲ್ಲ ಕಡೆಯೂ ನೀವು ತಾಳೆ ಮಾಡಿ, ಬಾಕಿ ತೀರಿಸಿ, ಪುಸ್ತಕ ಒಪ್ಪಿಸಿ ಬಂದಿದ್ದೀರಿ. ಅವಧಿ ಚಿಕ್ಕದಾಗಿರುವುದು ಆ ಕೆಲಸದ ಸ್ವಭಾವ. ಹಾಗೆಂದು ‘ನಾನು ಆರಂಭದಿಂದಲೂ ಬಾಕಿ ಲೆಕ್ಕ ಸರಿಪಡಿಸುವ ತಜ್ಞತೆಯನ್ನೇ ಆರಿಸಿಕೊಂಡೆ’ ಎಂದು ಬರೆಯಬೇಡಿ. ಅದು ನಿಜವಲ್ಲ, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಕಳಚಿಬೀಳುತ್ತದೆ. ಎಳೆ ನಿಮ್ಮ ಉದ್ದೇಶದಲ್ಲಿ ಇರಬೇಕಾಗಿಲ್ಲ, ಕೆಲಸದಲ್ಲಿ ಇದ್ದರೆ ಸಾಕು. ರೆಸ್ಯೂಮ್‌ನ ಮೇಲ್ಭಾಗದಲ್ಲಿ ಎರಡು ಸಾಲಿನ ಪರಿಚಯವಿರಲಿ: ‘ಒಂಬತ್ತು ವರ್ಷಗಳ ಲೆಕ್ಕಪತ್ರ ಅನುಭವ, ಬಾಕಿ ಬಿದ್ದ ಖಾತೆಗಳನ್ನು ತಾಳೆ ಮಾಡಿ ಗಡುವಿನೊಳಗೆ ಮುಚ್ಚುವ ಕೆಲಸ, ಅದರಲ್ಲಿ ಎರಡು ಹಂಗಾಮು ಕಾಫಿ ಕ್ಯೂರಿಂಗ್ ಲೆಕ್ಕ.’ ಇದನ್ನು ಓದಿದವರು ಕೆಳಗಿನ ಐದು ಶೀರ್ಷಿಕೆಗಳನ್ನು ಈ ಕನ್ನಡಕದಿಂದಲೇ ನೋಡುತ್ತಾರೆ.

ಈಗ ಒಳಗಿನ ವಾಕ್ಯಗಳು. ನಿಮ್ಮ ಪಟ್ಟಿಯಲ್ಲಿ ಹತ್ತಕ್ಕೆ ಏಳು ಕಡೆ ಒಂದೇ ವಾಕ್ಯವಿದೆ: ‘ಟ್ಯಾಲಿ ಎಂಟ್ರಿ, ಜಿಎಸ್‌ಟಿ ಫೈಲಿಂಗ್ ಮತ್ತು ಬ್ಯಾಂಕ್ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದೆ.’ ಇದನ್ನು ಏಳು ಸಲ ಓದಿದವರಿಗೆ ಏಳು ಸಲ ಹೊಸದಾಗಿ ಮೊದಲಿನಿಂದ ಶುರು ಮಾಡಿದವರ ಚಿತ್ರವೇ ಸಿಗುತ್ತದೆ. ಕಾಂಟ್ರ್ಯಾಕ್ಟ್ ಕೆಲಸದ ವಾಕ್ಯಕ್ಕೆ ಒಂದು ಅಂತ್ಯ ಬೇಕು, ಏನೋ ಮುಗಿಯಿತು ಎಂಬುದು ಕಾಣಬೇಕು. ‘ನೋಡಿಕೊಳ್ಳುತ್ತಿದ್ದೆ’ ಎಂಬ ಕ್ರಿಯಾಪದ ಮುಗಿಯುವುದಿಲ್ಲ; ‘ತಾಳೆ ಮಾಡಿದೆ’, ‘ಸಲ್ಲಿಸಿದೆ’, ‘ಒಪ್ಪಿಸಿದೆ’ ಎಂಬವು ಮುಗಿಯುತ್ತವೆ. ನೌಕರಿಗೆ ಕೊಡುವ ಪ್ರತಿಯನ್ನು ನೀವು ಇಂಗ್ಲಿಷಿನಲ್ಲೇ ಬರೆಯುತ್ತೀರಿ ಎಂದು ಗೊತ್ತು. ಅಲ್ಲಿಯೂ ಇದೇ ಕ್ರಮ, ಇದೇ ಬಗೆಯ ಕ್ರಿಯಾಪದ. ನಿಮ್ಮ ವಿವರಗಳಿಂದ ನಾನು ಮಾಡಿದ ಕರಡು ಹೀಗಿದೆ.

ಸ್ವತಂತ್ರ ಲೆಕ್ಕಪತ್ರ ಸೇವೆ, ಹಾಸನ — ಸೆಪ್ಟೆಂಬರ್ 2019ರಿಂದ ಇಂದಿನವರೆಗೆ (ಮೇ–ಸೆಪ್ಟೆಂಬರ್ 2022: ಕೌಟುಂಬಿಕ ಕಾರಣಕ್ಕೆ ವಿರಾಮ)
ಮೂಡಿಗೆರೆ ಭಾಗದ ಮೂರು ಹೋಂಸ್ಟೇಗಳು, ಸೆಪ್ಟೆಂಬರ್ 2019ರಿಂದ: ಏಳು ತಿಂಗಳಿಂದ ಬಾಕಿಯಿದ್ದ ಜಿಎಸ್‌ಟಿ ರಿಟರ್ನ್‌ಗಳನ್ನು ಸಲ್ಲಿಸಿ ಮುಗಿಸಿದ್ದು, ಬುಕಿಂಗ್ ತಾಣಗಳ ಕಮಿಷನ್ ಬಿಲ್ಲುಗಳನ್ನು ಬ್ಯಾಂಕ್ ಜಮೆಯೊಂದಿಗೆ ತಾಳೆ ಮಾಡುವ ಮಾಸಿಕ ಪದ್ಧತಿ ರೂಪಿಸಿದ್ದು, ಅಂದಿನಿಂದ ವಿರಾಮದ ಅವಧಿ ಬಿಟ್ಟು ಪ್ರತಿ ತಿಂಗಳ ಸಲ್ಲಿಕೆ.
ವ್ಯಾಪಾರಿ ಸಂಸ್ಥೆ, ಹಾಸನ, ಜೂನ್–ನವೆಂಬರ್ 2023: ಹೆರಿಗೆ ರಜೆಯ ಅವಧಿಗೆ ಲೆಕ್ಕಪತ್ರದ ಪೂರ್ಣ ಹೊಣೆ, ಮರಳಿ ಬಂದ ಉದ್ಯೋಗಿಗೆ ತಾಳೆಯಾದ ಪುಸ್ತಕ ಒಪ್ಪಿಸಿದ್ದು.
ಸಕಲೇಶಪುರ, ಬೇಲೂರು ಭಾಗದ ಕಾಫಿ ತೋಟಗಳು, ಅಕ್ಟೋಬರ್ 2022ರಿಂದ: ಕೂಲಿ ಮತ್ತು ಖರ್ಚಿನ ಪುಸ್ತಕ, ವರ್ಷಾಂತ್ಯದ ಲೆಕ್ಕ.

ಹಂಗಾಮಿನ ಲೆಕ್ಕ ಸಹಾಯಕಿ, ಕಾಫಿ ಕ್ಯೂರಿಂಗ್ ವರ್ಕ್ಸ್, ಚಿಕ್ಕಮಗಳೂರು — ಡಿಸೆಂಬರ್ 2020–ಏಪ್ರಿಲ್ 2021. ಡಿಸೆಂಬರ್ 2021–ಏಪ್ರಿಲ್ 2022 (ಮರುನೇಮಕ)
ಬೆಳೆಗಾರರು ತಂದ ಪಾರ್ಚ್‌ಮೆಂಟ್ ಮತ್ತು ಚೆರಿಯ ಸ್ವೀಕೃತಿ ತೂಕ, ಔಟ್‌ಟರ್ನ್ ಮತ್ತು ಗ್ರೇಡ್‌ವಾರು ತೂಕವನ್ನು ಲಾಟ್‌ವಾರು ಪುಸ್ತಕದಲ್ಲಿ ತಾಳೆ ಮಾಡಿದ್ದು; ಹಂಗಾಮಿನ ಕೊನೆಗೆ ಬೆಳೆಗಾರರ ಖಾತೆಗಳನ್ನು ಮುಚ್ಚಿ ಒಪ್ಪಿಸಿದ್ದು.

ಇದರ ಕೆಳಗೆ ಏಜೆನ್ಸಿ, ಹಾರ್ಡ್‌ವೇರ್ ಅಂಗಡಿ, ಲೆಕ್ಕಪರಿಶೋಧಕರ ಕಚೇರಿ ಇದೇ ರೀತಿಯಲ್ಲಿ, ಆದರೆ ಇನ್ನೂ ಚಿಕ್ಕದಾಗಿ ಬರಲಿ. ಕ್ಯೂರಿಂಗ್‌ನ ಸಾಲನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಬಂದಿರುವ ಪದಗಳು ಕಾಫಿ ಕಂಪನಿಯವರು ದಿನವೂ ಆಡುವ ಪದಗಳು. ಬೆಳೆಗಾರರ ಕಾಫಿ ಗಿರಣಿಗೆ ಬಂದ ತೂಕವೇ ಬೇರೆ, ಸಿಪ್ಪೆ ತೆಗೆದು ಗ್ರೇಡ್ ಮಾಡಿದ ಮೇಲಿನ ತೂಕವೇ ಬೇರೆ, ಆ ಎರಡರ ನಡುವಿನ ಲೆಕ್ಕ ಒಪ್ಪದಿದ್ದರೆ ಬೆಳೆಗಾರರು ಕಚೇರಿಯ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ ಎಂಬುದು ಗೊತ್ತಿರುವವರು ಬರೆದ ಸಾಲು ಇದು ಎಂದು ಅವರಿಗೆ ತಕ್ಷಣ ತಿಳಿಯುತ್ತದೆ. ‘ಟ್ಯಾಲಿ ಎಂಟ್ರಿ’ ಎಂಬುದರಿಂದ ಅದು ತಿಳಿಯುತ್ತಿರಲಿಲ್ಲ.

ಮೊದಲ ಶೀರ್ಷಿಕೆಯಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಿ. ‘ಎಲ್ಲೂ ನಿಲ್ಲೋದಿಲ್ಲ’ ಎಂಬ ಆಪಾದನೆಗೆ ನಿಮ್ಮಲ್ಲಿರುವ ಅತ್ಯಂತ ಗಟ್ಟಿ ಉತ್ತರ ಆ ಮೂರು ಹೋಂಸ್ಟೇಗಳು. 2019ರಲ್ಲಿ ನಿಮ್ಮನ್ನು ಕರೆದವರು ಇಂದಿಗೂ ನಿಮ್ಮನ್ನು ಬಿಟ್ಟಿಲ್ಲ, ಲಾಕ್‌ಡೌನ್‌ನಲ್ಲಿ ಒಬ್ಬ ಅತಿಥಿಯೂ ಬಾರದ ತಿಂಗಳುಗಳಲ್ಲಿ ಶೂನ್ಯ ರಿಟರ್ನ್ ಸಲ್ಲಿಸುವುದಕ್ಕೂ ನೀವೇ ಬೇಕಾದಿರಿ, 2022ರ ವಿರಾಮದ ನಂತರ ಮತ್ತೆ ನಿಮ್ಮನ್ನೇ ಕರೆದರು. ನೀವು ಅದನ್ನು ‘ಹೋಂಸ್ಟೇ ಕೆಲಸ, ಪಾರ್ಟ್ ಟೈಮ್’ ಎಂದು ನಾಲ್ಕು ಪದದಲ್ಲಿ ಮುಗಿಸಿದ್ದೀರಿ.

ಒಟ್ಟು ಅನುಭವದ ಲೆಕ್ಕದಲ್ಲಿ ನೀವು ಎಡವಿದ್ದೀರಿ, ಲೆಕ್ಕದ ಹುದ್ದೆಗೆ ಅರ್ಜಿ ಹಾಕುವವರು ಎಡವಬಾರದ ಜಾಗ ಅದು. ನಿಮ್ಮ ರೆಸ್ಯೂಮ್‌ನಲ್ಲಿ ‘10 ವರ್ಷ 5 ತಿಂಗಳು’ ಎಂದಿದೆ. ಅದು ಎಲ್ಲ ಸಾಲುಗಳನ್ನೂ ಕೂಡಿಸಿ ಬಂದ ಸಂಖ್ಯೆ: ಲೆಕ್ಕಪರಿಶೋಧಕರ ಕಚೇರಿ 24 ತಿಂಗಳು, ಹಾರ್ಡ್‌ವೇರ್ 6, ಏಜೆನ್ಸಿ 17, ಸ್ವತಂತ್ರ ಸೇವೆ ವಿರಾಮ ಕಳೆದು 62, ಕ್ಯೂರಿಂಗ್ 10, ಹೆರಿಗೆ ರಜೆಯ ಜಾಗ 6; ಒಟ್ಟು 125. ಆದರೆ ನೀವು ಕೆಲಸ ಶುರು ಮಾಡಿದ ಜುಲೈ 2015ರಿಂದ ಮಾರ್ಚ್ 2025ರ ಕೊನೆಯವರೆಗೆ ಕ್ಯಾಲೆಂಡರ್‌ನಲ್ಲೇ ಇರುವುದು 117 ತಿಂಗಳು. ಕ್ಯೂರಿಂಗ್‌ನ ಹತ್ತು ಮತ್ತು 2023ರ ಆರು ತಿಂಗಳುಗಳು ಸ್ವತಂತ್ರ ಸೇವೆಯ ಒಳಗೇ ಬರುವುದರಿಂದ ಅವು ಎರಡು ಸಲ ಎಣಿಕೆಯಾಗಿವೆ. ಒಂದರ ಮೇಲೊಂದು ಬಿದ್ದ ತಿಂಗಳನ್ನು ಒಮ್ಮೆ ಮಾತ್ರ ಎಣಿಸಬೇಕು. ಹಾಗೆ ಎಣಿಸಿದರೆ 109 ತಿಂಗಳು, ಅಂದರೆ 9 ವರ್ಷ 1 ತಿಂಗಳು. ತಾಳೆ ನೋಡಬೇಕಾದರೆ ಇನ್ನೊಂದು ದಾರಿಯಿಂದ ಬನ್ನಿ: 117ರಲ್ಲಿ ಜುಲೈ 2017, ಫೆಬ್ರುವರಿ 2018, ಆಗಸ್ಟ್ 2019 ಎಂಬ ಮೂರು ಖಾಲಿ ತಿಂಗಳು ಮತ್ತು ತಂದೆಯವರ ಅನಾರೋಗ್ಯದ ಐದು ತಿಂಗಳನ್ನು ಕಳೆದರೂ 109 ಬರುತ್ತದೆ.

ಆ ಐದು ತಿಂಗಳ ಬಗ್ಗೆ ನಿಮಗೆ ಅಂಜಿಕೆ ಇದ್ದಂತಿದೆ. ಕರಡಿನಲ್ಲಿ ಇರುವಂತೆ ಆವರಣದೊಳಗೆ ಒಂದು ತುಣುಕು ಸಾಕು. ಕಾಯಿಲೆಯ ಹೆಸರು, ಆಸ್ಪತ್ರೆಯ ವಿವರ ಯಾವುದೂ ಬೇಡ. ನಡುವಿನ ಒಂದೊಂದು ತಿಂಗಳ ಖಾಲಿಯನ್ನು ಯಾರೂ ಕೇಳುವುದಿಲ್ಲ.

ಬಿಡಬೇಕಾದ ಒಂದು ಸಾಲು 2020ರ ಮಕ್ಕಳ ಆನ್‌ಲೈನ್ ಪಾಠದ್ದು. ಅದು ನಾಚಿಕೆಯ ಕೆಲಸವೆಂದಲ್ಲ, ಆ ತಿಂಗಳುಗಳಲ್ಲಿ ಲೆಕ್ಕದ ಕೆಲಸವೂ ನಡೆದಿತ್ತಾದ್ದರಿಂದ ಅದನ್ನು ಬಿಟ್ಟರೆ ದಿನಾಂಕಗಳಲ್ಲಿ ತೂತು ಬೀಳುವುದಿಲ್ಲ, ಇಟ್ಟರೆ ಎಳೆ ಕಡಿಯುತ್ತದೆ. ರೆಸ್ಯೂಮ್‌ನಲ್ಲಿ ಆರಿಸಿ ಬರೆಯುವ ಸ್ವಾತಂತ್ರ್ಯ ನಿಮಗಿದೆ. ಆದರೆ ಕಂಪನಿಯವರು ಕೊನೆಯ ಹಂತದಲ್ಲಿ ತಮ್ಮದೇ ನಮೂನೆ ಕೊಟ್ಟು ‘ಹಿಂದಿನ ಎಲ್ಲ ಉದ್ಯೋಗಗಳನ್ನು ನಮೂದಿಸಿ’ ಎಂದು ಕೇಳಿ ಸಹಿ ಹಾಕಿಸಿಕೊಂಡರೆ, ಅಲ್ಲಿ ಅದನ್ನೂ ಬರೆಯಬೇಕು.

ನೌಕರಿ ಜಾಲತಾಣಗಳ ಪ್ರೊಫೈಲ್‌ಗಳನ್ನು ಮರೆಯಬೇಡಿ. ಅಲ್ಲಿ ನೀವು ವರ್ಷಗಳ ಹಿಂದೆ ತುಂಬಿದ ಹತ್ತು ಸಾಲು ಹಾಗೆಯೇ ಕುಳಿತಿರುತ್ತದೆ. ಕೈಯಲ್ಲಿ ಐದು ಶೀರ್ಷಿಕೆಯ ಕಾಗದ, ಪರದೆಯ ಮೇಲೆ ಹತ್ತು ಹೆಸರು ಎಂದಾದರೆ ಹೊಸದಾಗಿ ಬರೆದದ್ದೇ ಕಟ್ಟುಕಥೆಯಂತೆ ಕಾಣುತ್ತದೆ. ಎರಡನ್ನೂ ಒಂದೇ ದಿನ ಬದಲಿಸಿ. ಮತ್ತೆ, ದಿನಾಂಕಗಳನ್ನು ಪೂರ್ತಿ ತೆಗೆದುಹಾಕಿ ಕೌಶಲಗಳ ಪಟ್ಟಿಯನ್ನಷ್ಟೇ ಕೊಡುವ ಮಾದರಿಯನ್ನು ನಿಮಗೆ ಯಾರಾದರೂ ಸೂಚಿಸಿದರೆ ಕೇಳಬೇಡಿ. ಸಣ್ಣ ಅವಧಿಯ ಕೆಲಸದವರಿಗೆ ಅದು ಹೇಳಿ ಮಾಡಿಸಿದ್ದೆಂದು ಎಲ್ಲ ಕಡೆ ಬರೆದಿರುತ್ತಾರೆ, ಆದರೆ ಅಂಥದನ್ನು ಕೈಗೆತ್ತಿಕೊಂಡ ಕೂಡಲೇ ನಾನು ಹುಡುಕುತ್ತಿದ್ದದ್ದು ದಿನಾಂಕಗಳನ್ನೇ.

ದಾಖಲೆಗಳ ಮಾತು. ಏಜೆನ್ಸಿ ಮತ್ತು ಕ್ಯೂರಿಂಗ್ ವರ್ಕ್ಸ್‌ಗೆ ನೇಮಕದ ಪತ್ರ, ಬಿಡುಗಡೆ ಪತ್ರ ಅಥವಾ ಅನುಭವ ಪತ್ರ ಇರಬೇಕು. ಅದರಲ್ಲಿ ‘ಒಪ್ಪಂದದ ಅವಧಿ ಮುಗಿದಿರುವುದರಿಂದ’ ಎಂಬ ಮಾತಿದ್ದರೆ ರೆಸ್ಯೂಮ್‌ನ ‘ಹಂಗಾಮಿನ ನೇಮಕ’ ಎಂಬುದಕ್ಕೆ ಅದೇ ಆಧಾರ. ಸ್ವತಂತ್ರ ಕೆಲಸಕ್ಕೆ ಇಂಥ ಪತ್ರ ತಾನಾಗಿ ಹುಟ್ಟುವುದಿಲ್ಲ. ವ್ಯಾಪಾರಿ ಸಂಸ್ಥೆ ನಿಮ್ಮ ಬಿಲ್‌ನಲ್ಲಿ ಟಿಡಿಎಸ್ ಹಿಡಿದಿದ್ದರೆ ಅದು ನಿಮ್ಮ ಪ್ಯಾನ್‌ನ 26ಎಎಸ್‌ನಲ್ಲಿ ಸಂಸ್ಥೆಯ ಹೆಸರಿನೊಂದಿಗೆ ಕಾಣುತ್ತದೆ, ಅದಕ್ಕಿಂತ ಬಲವಾದ ಸಾಕ್ಷಿ ಬೇಡ. ಹೋಂಸ್ಟೇ ನಡೆಸುವ ಚಿಕ್ಕ ಮಾಲೀಕರು ಸಾಮಾನ್ಯವಾಗಿ ಟಿಡಿಎಸ್ ಹಿಡಿಯುವ ಬಾಧ್ಯತೆಗೆ ಒಳಪಟ್ಟಿರುವುದಿಲ್ಲ. ಅವರಿಂದ ಬಂದ ಹಣದ ಬ್ಯಾಂಕ್ ಪುಟಗಳು, ನಿಮ್ಮ ಬಿಲ್ಲುಗಳ ಪ್ರತಿ, ಜೊತೆಗೆ ‘ಇಂಥ ತಿಂಗಳಿನಿಂದ ನಮ್ಮ ಲೆಕ್ಕಪತ್ರ ನೋಡುತ್ತಿದ್ದಾರೆ’ ಎಂಬ ಎರಡು ಸಾಲಿನ ಪತ್ರ ಸಾಕು. ಪತ್ರವನ್ನು ಈಗಲೇ ಕೇಳಿ ಇಟ್ಟುಕೊಳ್ಳಿ. ಆಫರ್ ಬಂದ ಮೇಲೆ ಮೂರು ದಿನದ ಗಡುವಿನಲ್ಲಿ ಮೂಡಿಗೆರೆಗೆ ಓಡುವುದು ಕಷ್ಟ, ಮಳೆಗಾಲವಾದರೆ ಇನ್ನೂ ಕಷ್ಟ. ಅಂದಹಾಗೆ, ಕ್ಯೂರಿಂಗ್ ವರ್ಕ್ಸ್‌ನ ನೇಮಕದ ಪತ್ರದಲ್ಲಿ ‘ಬೇರೆ ಯಾವುದೇ ಕೆಲಸ ಮಾಡತಕ್ಕದ್ದಲ್ಲ’ ಎಂಬ ಷರತ್ತು ಇದೆಯೇ ಎಂದು ಒಮ್ಮೆ ಓದಿ ನೋಡಿ. ಇದ್ದರೆ ಅದೇ ತಿಂಗಳುಗಳ ಹೋಂಸ್ಟೇ ಕೆಲಸದ ಬಗ್ಗೆ ಪ್ರಶ್ನೆ ಬರಬಹುದು. ಭಾನುವಾರಗಳಲ್ಲಿ, ಅವರಿಗೆ ತಿಳಿಸಿಯೇ ಮಾಡುತ್ತಿದ್ದೆ ಎಂದು ನೀವು ಬರೆದಿರುವುದನ್ನೇ ಅಲ್ಲಿ ಹೇಳಿ.

ಈ ವಿಧಾನ ಎಲ್ಲೆಡೆ ನಡೆಯುವುದಿಲ್ಲ. ಸರ್ಕಾರಿ ನೇಮಕಾತಿಯ ಅರ್ಜಿಗಳಲ್ಲಿ ಅನುಭವ ಕೇಳಿದ್ದರೆ ಅಲ್ಲಿ ಛತ್ರಿಗೆ ಜಾಗವಿಲ್ಲ. ನಮೂನೆ ಕೇಳಿದಂತೆ ಒಂದೊಂದನ್ನೂ ಅದರ ಪ್ರಮಾಣಪತ್ರದೊಂದಿಗೆ ಪ್ರತ್ಯೇಕವಾಗಿ ಬರೆಯಬೇಕು. ಹಾಗೆಯೇ, ಕಾಯಂ ಎಂದು ಸೇರಿ ಮೂರು ತಿಂಗಳಿಗೆ ಬಿಟ್ಟು ಬಂದ ಕೆಲಸಕ್ಕೆ ‘ಕಾಂಟ್ರ್ಯಾಕ್ಟ್’ ಎಂದು ಹೆಸರಿಡಲು ಇದನ್ನು ಬಳಸಬಾರದು. ನಿಮ್ಮ ಹಾರ್ಡ್‌ವೇರ್ ಅಂಗಡಿಯ ಸಾಲಿನ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ: ಆರು ತಿಂಗಳಿಗೆಂದೇ ಕರೆದಿದ್ದರೇ, ಅಥವಾ ಆರು ತಿಂಗಳಲ್ಲಿ ನೀವು ಬಿಟ್ಟಿರೇ ಎಂಬುದು ನಿಮ್ಮ ವಿವರದಿಂದ ತಿಳಿಯುವುದಿಲ್ಲ. ಜಿಎಸ್‌ಟಿ ಬದಲಾವಣೆಗೆಂದೇ ಕರೆದಿದ್ದರೆ ‘ನಿಗದಿತ ಅವಧಿಗೆ’ ಎಂದು ಬರೆಯಿರಿ. ಇಲ್ಲವಾದರೆ ಏನನ್ನೂ ಸೇರಿಸದೆ ದಿನಾಂಕವನ್ನಷ್ಟೇ ಬಿಡಿ, ಕೇಳಿದರೆ ನಿಜ ಹೇಳಿ. ಎಂಟು ವರ್ಷದ ಹಿಂದಿನ ಆರು ತಿಂಗಳಿಗೆ ಯಾರೂ ನಿಮ್ಮನ್ನು ಕೈಬಿಡುವುದಿಲ್ಲ.

ಅರ್ಜಿ ಕಳಿಸುವ ಮುನ್ನ ಯುಎಎನ್ ಪೋರ್ಟಲ್‌ಗೆ ಹೋಗಿ ಸೇವಾ ವಿವರವನ್ನು ತೆರೆದು, ಏಜೆನ್ಸಿಯ ಎದುರು ಸೇರಿದ ದಿನಾಂಕದ ಜೊತೆ ಬಿಟ್ಟ ದಿನಾಂಕವೂ ಇದೆಯೇ ನೋಡಿ. ನೀವು ಕಳಿಸಿದ ಪುಟದಲ್ಲಿ ಆ ಜಾಗ ಖಾಲಿ ಇದ್ದಂತೆ ಕಾಣುತ್ತದೆ. ಹಾಗಿದ್ದರೆ ದಾಖಲೆಯ ಪ್ರಕಾರ ನೀವು ಇನ್ನೂ ಅವರಲ್ಲೇ ಇದ್ದೀರಿ, ಆಮೇಲಿನ ಕ್ಯೂರಿಂಗ್ ವರ್ಕ್ಸ್ ಅದರ ಮೇಲೆ ಬಿದ್ದಂತೆ ತೋರುತ್ತದೆ. ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳು ಕಳೆದಿದ್ದರೆ ಸದಸ್ಯರೇ `Manage` ಮೆನುವಿನ `Mark Exit` ಮೂಲಕ ಆ ದಿನಾಂಕವನ್ನು ತುಂಬಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ. ಒಮ್ಮೆ ತುಂಬಿದ ಮೇಲೆ ತಿದ್ದುವುದು ಸುಲಭವಲ್ಲವಾದ್ದರಿಂದ ಬಿಡುಗಡೆ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಜುಲೈ 2019ರ ಅದೇ ದಿನಾಂಕವನ್ನು ಹಾಕಿ.